ನಾನೂರು ಮನೆ ಸರಿ, ಎಷ್ಟು ಊರುಗಳಿಂದ?

ಸ್ನಾತಕೋತ್ತರ ವಿದ್ಯಾರ್ಥಿಗಳ ಸಂಶೋಧನಾ ಪ್ರಬಂಧಗಳಲ್ಲಿ ‘400 ಮನೆಗಳ ಮಾದರಿ’ ಎಂಬ ಮಾತು ಮತ್ತೆ ಮತ್ತೆ ಸಿಗುತ್ತದೆ. ಅದು ಬರುವುದು ಈ ಸೂತ್ರದಿಂದ:

n = 1.96² × 0.5 × 0.5 ÷ 0.05² = 384

ಉತ್ತರ ಶೇಕಡಾ 5ರಷ್ಟು ಆಚೀಚೆ ಆದರೂ ಪರವಾಗಿಲ್ಲ, ನೂರಕ್ಕೆ 95 ಸಲ ಸರಿಯಿದ್ದರೆ ಸಾಕು ಎಂದರೆ 384 ಮನೆ ಬೇಕು. ಒಂದಿಷ್ಟು ಸೇರಿಸಿ 400 ಮಾಡಿಕೊಳ್ಳುತ್ತಾರೆ. ಆದರೆ ಈ ಲೆಕ್ಕಕ್ಕೊಂದು ಷರತ್ತಿದೆ. ಎಲ್ಲ ಮನೆಗಳ ಪಟ್ಟಿ ಕೈಯಲ್ಲಿರಬೇಕು, ಅದರಿಂದ ಒಂದೊಂದು ಮನೆಯನ್ನೂ ಚೀಟಿ ಎತ್ತಿದಂತೆ ಬಿಡಿಬಿಡಿಯಾಗಿ ಆರಿಸಿರಬೇಕು. ಇದೇ ಸರಳ ಯಾದೃಚ್ಛಿಕ ಮಾದರಿ.

ಒಂದು ಕಾಲ್ಪನಿಕ ತಾಲ್ಲೂಕನ್ನು ತೆಗೆದುಕೊಳ್ಳೋಣ. 150 ಹಳ್ಳಿ, 30,000 ಮನೆ. ತಿಳಿಯಬೇಕಾದದ್ದು: ನಲ್ಲಿಯಲ್ಲಿ ದಿನವೂ ನೀರು ಬರುವ ಮನೆಗಳು ಶೇಕಡಾ ಎಷ್ಟು? ಇಡೀ ತಾಲ್ಲೂಕಿನಿಂದ 400 ಮನೆ ಬಿಡಿಬಿಡಿಯಾಗಿ ಆರಿಸಿದರೆ ಎರಡು ಮೂರು ಮನೆಗಾಗಿ ಒಂದೊಂದು ಹಳ್ಳಿಗೆ ಹೋಗಬೇಕಾಗುತ್ತದೆ. ಅಷ್ಟು ಸಮಯವೂ ಬಸ್ ಚಾರ್ಜೂ ಯಾರ ಬಳಿಯೂ ಇರುವುದಿಲ್ಲ. ಹಾಗಾಗಿ 20 ಹಳ್ಳಿ ಆರಿಸಿ, ಹಳ್ಳಿಗೆ 20 ಮನೆಯಂತೆ ಹೋಗುತ್ತಾರೆ. ಇದು ಕ್ಲಸ್ಟರ್ ಮಾದರಿ, ಅಂದರೆ ಗುಚ್ಛ ಮಾದರಿ. ವಿಧಾನದಲ್ಲಿ ತಪ್ಪಿಲ್ಲ. ತಪ್ಪಾಗುವುದು ಹಳೆಯ 384ರ ಲೆಕ್ಕವನ್ನೇ ಇಲ್ಲಿಗೂ ಹಚ್ಚಿದಾಗ.

ಊರಿನ ಮೋಟರ್ ಕೆಟ್ಟರೆ ಇಡೀ ಊರಿಗೆ ನೀರಿಲ್ಲ. ಮೊದಲ ಐದಾರು ಮನೆಯವರು ‘ನೀರು ಬರ್ತಿಲ್ಲ’ ಎಂದ ಮೇಲೆ ಉಳಿದ ಹದಿನೈದು ಮನೆಯವರಿಂದ ಹೊಸದಾಗಿ ತಿಳಿಯುವುದು ಕಡಿಮೆ. ಒಂದೇ ಊರಿನ ಮನೆಗಳ ಈ ಹೋಲಿಕೆಯನ್ನು 0ಯಿಂದ 1ರವರೆಗಿನ ಒಂದು ಸಂಖ್ಯೆಯಲ್ಲಿ ಅಳೆಯುತ್ತಾರೆ. ನಮ್ಮ ತಾಲ್ಲೂಕಿನಲ್ಲಿ ಅದು 0.3 ಎಂದಿಟ್ಟುಕೊಳ್ಳೋಣ. ಹಳ್ಳಿಗೆ ಆರಿಸುವ ಮನೆಗಳ ಸಂಖ್ಯೆಯಿಂದ ಒಂದನ್ನು ಕಳೆದು, 0.3ರಿಂದ ಗುಣಿಸಿ, ಒಂದನ್ನು ಕೂಡಿದರೆ ಸಿಗುವುದೇ ‘ಡಿಸೈನ್ ಎಫೆಕ್ಟ್’:

1 + (20 − 1) × 0.3 = 6.7

400ನ್ನು 6.7ರಿಂದ ಭಾಗಿಸಿದರೆ 60. ನಾನೂರು ಮನೆ ಸುತ್ತಿದರೂ ಕೈಗೆ ಬಂದದ್ದು ಬಿಡಿಯಾಗಿ ಆರಿಸಿದ ಅರವತ್ತು ಮನೆಯಷ್ಟು ಮಾಹಿತಿ. ದೋಷದ ಮಿತಿ ಶೇಕಡಾ 5 ಅಲ್ಲ, ಸುಮಾರು 13. ಅದೇ 400 ಮನೆಯನ್ನು 50 ಹಳ್ಳಿಗಳಿಂದ ಎಂಟೆಂಟರಂತೆ ತೆಗೆದರೆ ಡಿಸೈನ್ ಎಫೆಕ್ಟ್ 3.1ಕ್ಕೂ ದೋಷದ ಮಿತಿ ಸುಮಾರು 9ಕ್ಕೂ ಇಳಿಯುತ್ತದೆ. 100 ಹಳ್ಳಿಗಳಿಂದ ನಾಲ್ಕು ನಾಲ್ಕು ತೆಗೆದರೆ ಸುಮಾರು 7. ಸಮೀಪದೃಷ್ಟಿ ದೋಷದಂತಹ, ಊರಿಂದ ಊರಿಗೆ ಹೆಚ್ಚು ಬದಲಾಗದ ವಿಷಯವಾದರೆ ಹಳ್ಳಿಗೆ ಇಪ್ಪತ್ತು ಮನೆ ತೆಗೆದರೂ ನಷ್ಟ ಅಲ್ಪ. ವಿಧಾನವನ್ನು ನಿರ್ಧರಿಸಬೇಕಾದದ್ದು ಅಧ್ಯಯನದ ವಿಷಯವೇ.

50 ಹಳ್ಳಿ ಎಂದುಕೊಂಡರೆ ಅವನ್ನು ಆರಿಸುವುದು ಹೇಗೆ? ಹಳ್ಳಿಗಳ ಪಟ್ಟಿಯ ಪಕ್ಕದಲ್ಲಿ ಮನೆಗಳ ಸಂಖ್ಯೆಯನ್ನು ಕೂಡುತ್ತಾ ಬನ್ನಿ. ಕೊನೆಗೆ 30,000 ಬರುತ್ತದೆ. ಅದನ್ನು 50ರಿಂದ ಭಾಗಿಸಿದರೆ 600. ಒಂದರಿಂದ 600ರೊಳಗೆ ಯಾವುದಾದರೊಂದು ಸಂಖ್ಯೆಯನ್ನು ಚೀಟಿಯಲ್ಲಿ ಎತ್ತಿ. 217 ಬಂತೆನ್ನಿ. 217, 817, 1417 ಹೀಗೆ 600 ಕೂಡುತ್ತಾ ಹೋಗಿ; ಆ ಸಂಖ್ಯೆಗಳು ಬೀಳುವ ಹಳ್ಳಿಗಳೇ ನಿಮ್ಮವು. ದೊಡ್ಡ ಊರಿಗೆ ಹೆಚ್ಚು ಅವಕಾಶ ಸಿಗುತ್ತದೆ, ಆದರೆ ಮನೆಗಳಿಗೆ ಅನ್ಯಾಯವಾಗುವುದಿಲ್ಲ. 300 ಮನೆಯ ಊರು ಆಯ್ಕೆಯಾಗುವ ಸಾಧ್ಯತೆ ಎರಡಕ್ಕೊಂದು, ಅಲ್ಲಿ 300ರಲ್ಲಿ 8 ಮನೆ. 60 ಮನೆಯ ಊರಿಗೆ ಹತ್ತಕ್ಕೊಂದು, ಅಲ್ಲಿ 60ರಲ್ಲಿ 8. ಗುಣಿಸಿ ನೋಡಿ, ಎರಡೂ ಕಡೆ ಪ್ರತಿ ಮನೆಯ ಪಾಲು 75ಕ್ಕೊಂದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಹಳ್ಳಿಗಳನ್ನು ಗಾತ್ರಕ್ಕೆ ತಕ್ಕಂತೆ ಆರಿಸಿ, ಆಯ್ಕೆಯಾದ ಕಡೆ 22 ಮನೆಗಳನ್ನು ತೆಗೆಯಲಾಗಿತ್ತು.

ಕಾಗದದ ಮೇಲಿನ ಈ ಸಮಪಾಲು ಊರೊಳಗೆ ಕಾಲಿಟ್ಟ ಮೇಲೆ ಕೆಡುವುದೇ ಹೆಚ್ಚು. ಕಂದಾಯ ಗ್ರಾಮದ ಹೆಸರು ಪಟ್ಟಿಯಲ್ಲಿರುತ್ತದೆ. ಅದಕ್ಕೆ ಸೇರಿದ ತಾಂಡಾ, ಗೊಲ್ಲರಹಟ್ಟಿ ಒಂದೆರಡು ಕಿಲೋಮೀಟರ್ ದೂರದಲ್ಲಿರುತ್ತವೆ. ಬಸ್ ನಿಲ್ದಾಣದ ಬೀದಿಯಲ್ಲೇ ಎಂಟು ಮನೆ ಮುಗಿಸಿದರೆ, ನೀರಿಗೆ ಹೆಚ್ಚು ಕಷ್ಟಪಡುವವರೇ ಲೆಕ್ಕದಿಂದ ಹೊರಗುಳಿಯಬಹುದು. ಆದ್ದರಿಂದ ಮೊದಲು ತಾಂಡಾ, ಹಟ್ಟಿಗಳೂ ಸೇರಿ ಎಲ್ಲ ಮನೆಗಳ ಪಟ್ಟಿ ಮಾಡಿ, ಅದರಿಂದ ಎಂಟನ್ನು ಆರಿಸಬೇಕು. ಬೀಗ ಹಾಕಿದ ಮನೆಯ ಬದಲು ಪಕ್ಕದ ಮನೆಗೆ ಹೋಗಬಾರದು. ಕೂಲಿಗೆ ಹೋದವರು ಸಂಜೆ ಮರಳುತ್ತಾರೆ, ಆಗ ಮತ್ತೆ ಹೋಗಬೇಕು. ಎಡವಿದ್ದೇವೆಯೇ ಎಂದು ತಿಳಿಯಲು ನಿಮ್ಮ ಮಾದರಿಯಲ್ಲಿರುವ ಪರಿಶಿಷ್ಟ ಜಾತಿ, ಪಂಗಡಗಳ ಪಾಲನ್ನು ಜನಗಣತಿಯ ಅಂಕಿಯೊಂದಿಗೆ ಹೋಲಿಸಿ. ಅಂತರ ದೊಡ್ಡದಿದ್ದರೆ ಯಾವುದೋ ಕೇರಿ ಬಿಟ್ಟುಹೋಗಿರುವ ಸಂಭವವಿದೆ.

ಪಟ್ಟಿಯೇ ಸಿಗದ ಜನರೂ ಇದ್ದಾರೆ. ವಲಸೆ ಕಟ್ಟಡ ಕಾರ್ಮಿಕರನ್ನು ಒಬ್ಬರಿಂದ ಇನ್ನೊಬ್ಬರ ಪರಿಚಯ ಪಡೆಯುತ್ತಾ ಹುಡುಕಬೇಕಾಗುತ್ತದೆ. ಅವರ ಬದುಕಿನ ಕಷ್ಟಗಳು ಎಂಥವು ಎಂದು ತಿಳಿಯಲು ಆ ಸ್ನೋಬಾಲ್ ವಿಧಾನ ಒಳ್ಳೆಯದು. ಶೇಕಡಾವಾರು ಹೇಳಲು, ಅದಕ್ಕೆ ದೋಷದ ಮಿತಿ ಹಚ್ಚಲು ಅದು ಆಧಾರವಾಗದು.

ಪ್ರಬಂಧ ಬರೆಯುವವರು ಊರಿಗೆ ಹೊರಡುವ ಮೊದಲೇ ವಿಧಾನದ ಅಧ್ಯಾಯದಲ್ಲಿ ನಾಲ್ಕು ವಿಷಯ ಬರೆದಿಡಿ: ಪಟ್ಟಿ ಎಲ್ಲಿಯದು, ಹಳ್ಳಿ ಎಷ್ಟು, ಹಳ್ಳಿಗೆ ಮನೆ ಎಷ್ಟು, ಡಿಸೈನ್ ಎಫೆಕ್ಟ್ ಎಷ್ಟೆಂದು ಅಂದಾಜಿಸಿದ್ದೀರಿ. ಬಿಡುವೂ ಹಣವೂ ಸ್ವಲ್ಪ ಉಳಿದರೆ ಅದೇ ಊರಿನಲ್ಲಿ ಇನ್ನಷ್ಟು ಮನೆ ಹತ್ತಬೇಡಿ, ಇನ್ನೊಂದು ಊರಿಗೆ ಹೋಗಿ.