ಮಲಗಿದರೆ ಇಳಿಯುವ ನೋವು, ಮಲಗಿಸಿ ಮಾಡುವ ಪರೀಕ್ಷೆ

ಮೂವತ್ತೆಂಟರ ಹರೆಯದ, ಮೂರು ಮಕ್ಕಳ ತಾಯಿಯೊಬ್ಬರು ಎಂದಿಟ್ಟುಕೊಳ್ಳಿ. ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ, ದಿನವಿಡೀ ನಿಂತೇ ಇರಬೇಕು. ಬೆಳಗ್ಗೆ ಏಳುವಾಗ ಏನೂ ಇರುವುದಿಲ್ಲ. ಊಟದ ಹೊತ್ತಿಗೆ ಕಿಬ್ಬೊಟ್ಟೆಯ ಎಡಗಡೆ ಸಣ್ಣಗೆ ಎಳೆತ ಶುರುವಾಗುತ್ತದೆ. ಸಂಜೆ ಬಸ್ಸಿನಲ್ಲಿ ನಿಂತು ಬರುವಾಗ ಏನೋ ಕೆಳಕ್ಕೆ ಜಗ್ಗಿದ ಹಾಗೆ ಭಾರ. ಮನೆಗೆ ಬಂದು ಸ್ವಲ್ಪ ಹೊತ್ತು ಅಡ್ಡಾದರೆ ಇಳಿಯುತ್ತದೆ. ಮುಟ್ಟು ಹತ್ತಿರವಾದಾಗ ಜಾಸ್ತಿ. ಗಂಡನ ಜೊತೆ ಕೂಡಿದ ಮೇಲೆ ಗಂಟೆಗಟ್ಟಲೆ ಮಂದವಾಗಿ ನೋಯುತ್ತದೆ, ಅದನ್ನು ಮಾತ್ರ ಅವರು ಯಾರ ಬಳಿಯೂ ಹೇಳಿಲ್ಲ. ಎರಡನೇ ಹೆರಿಗೆಯ ನಂತರ ಕಾಣಿಸಿಕೊಂಡದ್ದು ಮೂರನೆಯದಾದ ಮೇಲೆ ಗಟ್ಟಿಯಾಗಿ ನಿಂತುಬಿಟ್ಟಿದೆ. ಮೂತ್ರ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ನಾರ್ಮಲ್.

ಹೀಗೆ ಆರು ತಿಂಗಳಿಗೂ ಹೆಚ್ಚು ಕಾಲ ನಡೆದರೆ ಅನುಮಾನಿಸಬೇಕಾದ ಕಾಯಿಲೆಗಳಲ್ಲಿ ಒಂದು ಪೆಲ್ವಿಕ್ ಕಂಜೆಶನ್ ಸಿಂಡ್ರೋಮ್. ಕಾಲಿನಲ್ಲಿ ಉಬ್ಬುವ ವೆರಿಕೋಸ್ ವೇನ್ಸ್ ನಮಗೆಲ್ಲ ಗೊತ್ತು. ಅದೇ ತೊಂದರೆ ಗರ್ಭಕೋಶ, ಅಂಡಾಶಯಗಳ ಸುತ್ತಲಿನ ರಕ್ತನಾಳಗಳಿಗೆ ಬಂದರೆ ಇದು.

ಅಂಡಾಶಯದಿಂದ ರಕ್ತ ಮೇಲಕ್ಕೆ ಹೋಗಬೇಕು. ಅದು ಮತ್ತೆ ಕೆಳಗೆ ಜಾರದಂತೆ ನಾಳದೊಳಗೆ ಪುಟ್ಟ ಕವಾಟಗಳಿರುತ್ತವೆ. ಬಸಿರಿನಲ್ಲಿ ಈ ನಾಳಗಳು ಹಲವು ಪಟ್ಟು ಹೆಚ್ಚು ರಕ್ತ ಸಾಗಿಸಬೇಕಾಗುವುದರಿಂದ ತುಂಬ ಹಿಗ್ಗುತ್ತವೆ. ಹೆರಿಗೆಯಾದ ಮೇಲೆ ಕುಗ್ಗಬೇಕು, ಆದರೆ ಕೆಲವರಲ್ಲಿ ಪೂರ್ತಿ ಕುಗ್ಗುವುದಿಲ್ಲ. ನಾಳ ಅಗಲವಾದಾಗ ಕವಾಟದ ಎರಡು ಅಂಚುಗಳು ಒಂದಕ್ಕೊಂದು ತಾಗುವುದೇ ಇಲ್ಲ. ಆಗ ನಿಂತಾಗಲೆಲ್ಲ ರಕ್ತ ಕೆಳಗಿಳಿದು ಕಿಬ್ಬೊಟ್ಟೆಯಲ್ಲಿ ಮಡುಗಟ್ಟುತ್ತದೆ. ಪ್ರತಿ ಬಸಿರೂ ಈ ಹಿಗ್ಗನ್ನು ಹೆಚ್ಚಿಸಬಹುದು, ಹಲವು ಸಲ ಹೆತ್ತವರಲ್ಲಿ ಕಾಯಿಲೆ ಹೆಚ್ಚಾಗಿ ಕಾಣುವುದು ಅದಕ್ಕೇ. ಎಡಗಡೆ ಹೆಚ್ಚು ಏಕೆಂದರೆ, ಬಲಗಡೆಯ ನಾಳ ನೇರವಾಗಿ ದೊಡ್ಡ ರಕ್ತನಾಳಕ್ಕೆ ಸೇರಿದರೆ ಎಡಗಡೆಯದು ಮೂತ್ರಪಿಂಡದ ನಾಳಕ್ಕೆ ಅಡ್ಡಲಾಗಿ ಸೇರುತ್ತದೆ. ಈಸ್ಟ್ರೋಜನ್ ಕೂಡ ನಾಳಗಳನ್ನು ಸಡಿಲಿಸುತ್ತದೆ. ಮುಟ್ಟು ನಿಂತ ಮೇಲೆ ನೋವು ಸಾಮಾನ್ಯವಾಗಿ ಇಳಿಯುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಸ್ಕ್ಯಾನಿಂಗ್‌ನಲ್ಲಿ ಏಕೆ ಸಿಗಲಿಲ್ಲ? ಮಲಗಿಸಿ ಮಾಡಿದ್ದರಿಂದ. ಮಲಗಿದೊಡನೆ ಮಡುಗಟ್ಟಿದ ರಕ್ತ ಹರಿದುಹೋಗಿ ನಾಳಗಳು ಕುಗ್ಗುತ್ತವೆ. ಲ್ಯಾಪರೊಸ್ಕೋಪಿಯಲ್ಲಂತೂ ತಲೆಯನ್ನು ತಗ್ಗಿಸಿ ಮಲಗಿಸಿ, ಹೊಟ್ಟೆಗೆ ಗ್ಯಾಸ್ ತುಂಬುತ್ತಾರೆ, ಉಬ್ಬಿದ್ದ ನಾಳವೂ ಆ ಒತ್ತಡಕ್ಕೆ ಚಪ್ಪಟೆಯಾಗುತ್ತದೆ. ಆದ್ದರಿಂದ ರೋಗಿ ಹೇಳುವ ವಿವರಕ್ಕೆ ಇಲ್ಲಿ ಯಂತ್ರಕ್ಕಿಂತ ಹೆಚ್ಚು ಬೆಲೆ. ಕೂಡಿದ ನಂತರದ ನೋವಿನ ಜೊತೆಗೆ, ಹೊಕ್ಕುಳಿನಿಂದ ಸೊಂಟದ ಮುಂಚಾಚಿದ ಮೂಳೆಗೆ ಎಳೆದ ಗೆರೆಯ ಮೇಲೆ ವೈದ್ಯರು ಅಂಡಾಶಯದ ನೇರಕ್ಕೆ ಒತ್ತಿದಾಗಲೂ ನೋವಾದರೆ ಅನುಮಾನ ಬಲವಾಗುತ್ತದೆ. ಯೋನಿಯ ಹೊರಭಾಗ, ಪೃಷ್ಠ, ತೊಡೆಯ ಹಿಂದೆ ಉಬ್ಬಿದ ನಾಳಗಳಿದ್ದರೆ ಇನ್ನೂ ಬಲ. ನಾಚಿಕೆಯಿಂದ ಇವನ್ನು ಮುಚ್ಚಿಟ್ಟರೆ ವೈದ್ಯರಿಗೆ ಇರುವ ದಾರಿಯೇ ಮುಚ್ಚಿದಂತೆ. ಇಷ್ಟು ಗೊತ್ತಾದರೆ ಅವರು ಯೋನಿ ಮೂಲಕ ಡಾಪ್ಲರ್ ಸ್ಕ್ಯಾನಿಂಗ್ ಬರೆಯುತ್ತಾರೆ. ಉಸಿರು ಬಿಗಿಹಿಡಿದು ಮುಕ್ಕಿಸಿ, ಸಾಧ್ಯವಾದರೆ ನಿಲ್ಲಿಸಿಯೂ ನೋಡುತ್ತಾರೆ. ಅಂಡಾಶಯದ ನಾಳ ಸುಮಾರು 6 ಮಿಲಿಮೀಟರ್ ದಾಟಿದ್ದು, ರಕ್ತ ಹಿಮ್ಮುಖ ಹರಿಯುವುದು ಕಂಡರೆ ಎಳೆ ಸಿಕ್ಕಿತು.

ಆದರೆ ನಾಳ ಉಬ್ಬಿದ್ದರೂ ನೋವೇ ಇಲ್ಲದ ಹೆಂಗಸರು ಬಹಳ ಮಂದಿ. ಚಿತ್ರವನ್ನಷ್ಟೇ ನೋಡಿ ಚಿಕಿತ್ಸೆಗೆ ಇಳಿಯಬಾರದು. ಎಂಡೊಮೆಟ್ರಿಯೋಸಿಸ್, ಸೋಂಕು ಮೊದಲಾದವು ಅಲ್ಲವೆಂದು ಖಚಿತವಾಗಬೇಕು. ಜ್ವರ, ಅಕಾಲದ ರಕ್ತಸ್ರಾವ, ತೂಕ ಇಳಿಯುವುದು, ಮಲಗಿದರೂ ಬಿಡದ ನೋವು ಇದ್ದರೆ ಬೇರೆಯದನ್ನೇ ಹುಡುಕಬೇಕು.

ನನಗೆ ಹೆಚ್ಚು ಕಳವಳ ಇರುವುದು ಮುಂದಿನ ಹೆಜ್ಜೆಯ ಬಗ್ಗೆ. "ಮಕ್ಕಳಾಗಿವೆಯಲ್ಲಮ್ಮ, ಗರ್ಭಕೋಶ ತೆಗೆಸಿಬಿಡಿ" ಎಂಬ ಮಾತು ನಮ್ಮಲ್ಲಿ ಬಹಳ ಸಲೀಸು. ತೊಂದರೆ ಅಂಡಾಶಯದ ನಾಳದಲ್ಲಿದ್ದಾಗ ಗರ್ಭಕೋಶವನ್ನಷ್ಟೇ ತೆಗೆದರೆ ನೋವು ಉಳಿದುಬಿಡಬಹುದು. ಅಂಡಾಶಯಗಳನ್ನೂ ತೆಗೆದರೆ ಮೂವತ್ತೆಂಟಕ್ಕೇ ಮುಟ್ಟು ನಿಂತು, ಮೂಳೆ ಸವೆತ ಬೇಗ ಬರುತ್ತದೆ.

ಹಾರ್ಮೋನ್ ಮಾತ್ರೆಗಳು ಕೆಲವರಿಗೆ ನೋವು ತಗ್ಗಿಸುತ್ತವೆ, ನಿಲ್ಲಿಸಿದರೆ ಅದು ಮರಳುವುದುಂಟು. 1993ರಿಂದ ಬಳಕೆಗೆ ಬಂದ ಇನ್ನೊಂದು ದಾರಿ ಎಂಬೊಲೈಸೇಶನ್. ತೊಡೆಸಂದಿನ ಅಥವಾ ಕುತ್ತಿಗೆಯ ರಕ್ತನಾಳದಲ್ಲಿ ಸಣ್ಣ ಕೊಳವೆ ತೂರಿಸಿ, ಹಾಳಾದ ನಾಳದೊಳಗೆ ಲೋಹದ ಸುರುಳಿಗಳನ್ನಿಟ್ಟು, ಕೆಲವೊಮ್ಮೆ ನಾಳ ಮುಚ್ಚುವ ಔಷಧವನ್ನೂ ಬಿಟ್ಟು ಅದನ್ನು ಬಂದ್ ಮಾಡುತ್ತಾರೆ. ರಕ್ತ ಆರೋಗ್ಯವಾಗಿರುವ ಬೇರೆ ನಾಳಗಳಿಂದ ಹರಿದುಹೋಗುತ್ತದೆ. ಹೊಟ್ಟೆ ಕೊಯ್ಯುವಂತಿಲ್ಲ, ಸ್ಥಳೀಯ ಅರಿವಳಿಕೆಯಲ್ಲೇ ಆಗುತ್ತದೆ. ಇದನ್ನು ಮಾಡುವವರು ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್, ಹಾಗಾಗಿ ಸ್ತ್ರೀರೋಗ ತಜ್ಞರು ಅಲ್ಲಿಗೆ ಕಳಿಸಬೇಕು. ಹೆಚ್ಚಿನವರಿಗೆ ನೋವು ಇಳಿಯುತ್ತದೆ, ಎಲ್ಲರಿಗೂ ಪೂರ್ತಿ ಹೋಗುವುದಿಲ್ಲ. ಕೆಲವರಲ್ಲಿ ಸೊಂಟದೊಳಗಿನ ದೊಡ್ಡ ರಕ್ತನಾಳವನ್ನೇ ಪಕ್ಕದ ಅಪಧಮನಿ ಅದುಮಿರುತ್ತದೆ. ಆ ಒತ್ತಡ ಇದೆಯೇ ಎಂದು ಮೊದಲೇ ನೋಡದೆ ಸುರುಳಿ ಇಟ್ಟರೆ ನೋವು ಉಳಿದುಬಿಡಬಹುದು, ಇಲ್ಲವೇ ಕೆಲವು ತಿಂಗಳಲ್ಲಿ ತಿರುಗಿ ಬರಬಹುದು.