ಸೂಚ್ಯಂಕ ಏರಿತು, ಕ್ಯಾಂಡಲ್ ಕೆಂಪಾಗಿಯೇ ಉಳಿಯಿತು

2020ರ ಮಾರ್ಚ್ 13ರ ಶುಕ್ರವಾರ. ಪೇಟೆ ತೆರೆದ ಕೆಲವೇ ನಿಮಿಷಗಳಲ್ಲಿ ನಿಫ್ಟಿ ಶೇ 10ರಷ್ಟು ಬಿದ್ದು, ವಹಿವಾಟನ್ನು 45 ನಿಮಿಷ ನಿಲ್ಲಿಸಬೇಕಾಯಿತು. ಮತ್ತೆ ಶುರುವಾದಾಗ ಗಾಳಿ ತಿರುಗಿತ್ತು. 8,555ಕ್ಕೆ ಇಳಿದಿದ್ದ ಸೂಚ್ಯಂಕ ಸಂಜೆಯ ಹೊತ್ತಿಗೆ 9,955ರಲ್ಲಿ ನಿಂತಿತು. ಸಾಮಾನ್ಯ ಕ್ಯಾಂಡಲ್ ಚಾರ್ಟ್‌ನಲ್ಲಿ ಆ ದಿನಕ್ಕೆ ಒಂದು ಭರ್ಜರಿ ಹಸಿರು ಕ್ಯಾಂಡಲ್ ಮೂಡಿತು. ಕೊರೊನಾ ಕುಸಿತ ಮುಗಿಯಿತು ಎಂದು ಯಾರಿಗಾದರೂ ಅನ್ನಿಸಬಹುದಾಗಿದ್ದ ಚಿತ್ರ ಅದು.

ಅದೇ ದಿನದ ಅದೇ ದರಗಳನ್ನು ಹೈಕಿನ್ ಆಶಿ ಚಾರ್ಟ್‌ಗೆ ಹಾಕಿದರೆ ಸಿಗುವುದು ಕೆಂಪು ಕ್ಯಾಂಡಲ್. ಅದೂ ಅರೆಮನಸ್ಸಿನ ಕೆಂಪಲ್ಲ, ಮೇಲುಗಡೆ ಬತ್ತಿಯೇ ಇಲ್ಲದ ಉದ್ದನೆಯ ಕೆಂಪು. ಮುಂದಿನ ವಾರ ನಿಫ್ಟಿ ಮತ್ತೆ ಜಾರಿದ್ದನ್ನು ನೆನೆದರೆ, ಈ ಬಣ್ಣ ಎಲ್ಲಿಂದ ಬಂತು ಎಂದು ಹುಡುಕುವುದು ಸಾರ್ಥಕ.

ಹೈಕಿನ್ ಆಶಿ ಜಪಾನಿನಿಂದ ಬಂದ ವಿಧಾನ. 2004ರಲ್ಲಿ ಡಾನ್ ವಾಲ್ಕು ಅಮೆರಿಕದ ಒಂದು ತಾಂತ್ರಿಕ ವಿಶ್ಲೇಷಣೆಯ ಪತ್ರಿಕೆಯಲ್ಲಿ ಬರೆದ ಮೇಲೆ ಇಂಗ್ಲಿಷ್ ಓದುವ ಟ್ರೇಡರ್‌ಗಳಲ್ಲಿ ಇದು ಹರಡಿತು. ಇಂದು ಮೊಬೈಲ್‌ನ ಟ್ರೇಡಿಂಗ್ ಆ್ಯಪ್‌ಗಳಲ್ಲೂ ಚಾರ್ಟ್‌ನ ಬಗೆ ಬದಲಿಸುವ ಪಟ್ಟಿಯಲ್ಲಿ ಈ ಹೆಸರು ಕಾಣುತ್ತದೆ. ಒಂದು ಸಲ ಒತ್ತಿದರೆ ಚಾರ್ಟ್ ಬದಲಾಗುತ್ತದೆ, ಆದರೆ ಒಳಗಿನ ಲೆಕ್ಕ ಕಾಣುವುದಿಲ್ಲ. ಆ ಲೆಕ್ಕ ಇಷ್ಟೇ:

```
HA Close = (Open + High + Low + Close) / 4
HA Open  = (ಹಿಂದಿನ HA Open + ಹಿಂದಿನ HA Close) / 2
HA High  = max(High, HA Open, HA Close)
HA Low   = min(Low, HA Open, HA Close)
```

ಮಾರ್ಚ್ 13ಕ್ಕೆ ಇದನ್ನು ಹಚ್ಚಿ ನೋಡೋಣ. ನಿಫ್ಟಿ ಆ ದಿನ ತೆರೆದದ್ದು 9,108ರಲ್ಲಿ. ಗರಿಷ್ಠ 10,159, ಕನಿಷ್ಠ 8,555, ಮುಕ್ತಾಯ 9,955. ನಾಲ್ಕನ್ನೂ ಕೂಡಿಸಿ ನಾಲ್ಕರಿಂದ ಭಾಗಿಸಿದರೆ 9,444. ಇದು ಹೈಕಿನ್ ಆಶಿ ಮುಕ್ತಾಯ. ಇನ್ನು ಆರಂಭದ ದರ. ಅದಕ್ಕೆ ಆ ದಿನದ ಯಾವ ಅಂಕಿಯೂ ಬೇಕಿಲ್ಲ, ಹಿಂದಿನ ದಿನದ ಹೈಕಿನ್ ಆಶಿ ಕ್ಯಾಂಡಲ್ ಸಾಕು. ಅದು ಸುಮಾರು 10,630ರಲ್ಲಿ ಆರಂಭವಾಗಿ 9,795ರಲ್ಲಿ ಮುಗಿದಿತ್ತು. ಎರಡರ ನಡುಬಿಂದು ಸುಮಾರು 10,212. ಆರಂಭ 10,212, ಮುಕ್ತಾಯ 9,444 ಎಂದ ಮೇಲೆ ಕ್ಯಾಂಡಲ್ ಕೆಂಪಾಗಲೇಬೇಕು. ದಿನದ ನಿಜವಾದ ಗರಿಷ್ಠ ದರವೂ 10,212ನ್ನು ಮುಟ್ಟಲಿಲ್ಲವಾದ್ದರಿಂದ ಮೇಲೆ ಬತ್ತಿ ಮೂಡಲಿಲ್ಲ.

ಇಲ್ಲಿ ಗಮನಿಸಬೇಕಾದ್ದು ಆರಂಭದ ದರದ ಸ್ವಭಾವ. ಅದು ನಿನ್ನೆಯ ಅರ್ಧವನ್ನು ಹೊತ್ತು ತರುತ್ತದೆ. ನಿನ್ನೆಯದು ಮೊನ್ನೆಯ ಅರ್ಧವನ್ನು ತಂದಿರುತ್ತದೆ. ಹೀಗೆ ಹಿಂದೆ ಹಿಂದೆ ಹೋದಂತೆ ಪ್ರತಿ ದಿನದ ತೂಕ ಅರ್ಧ, ಕಾಲು, ಅರೆಕಾಲು ಎಂದು ಕರಗುತ್ತದೆಯೇ ಹೊರತು ಪೂರ್ತಿ ಅಳಿಯುವುದಿಲ್ಲ. ಚಾರ್ಟ್ ಬಲ್ಲವರು ಇದರಲ್ಲಿ ಮೂರು ದಿನಗಳ ಎಕ್ಸ್‌ಪೊನೆನ್ಶಿಯಲ್ ಮೂವಿಂಗ್ ಆವರೇಜನ್ನು ಗುರುತಿಸಿಯಾರು. ಹಾಗಾಗಿ ಹೈಕಿನ್ ಆಶಿಯ ಬಣ್ಣ ಉತ್ತರಿಸುವ ಪ್ರಶ್ನೆಯೇ ಬೇರೆ. ಬೆಳಿಗ್ಗೆಗಿಂತ ಸಂಜೆಗೆ ದರ ಏರಿತೇ ಎಂದು ಅದು ಹೇಳುವುದಿಲ್ಲ. ಇಂದಿನ ಸರಾಸರಿ ದರ ಕಳೆದ ಕೆಲವು ದಿನಗಳ ಸರಾಸರಿಗಿಂತ ಮೇಲಿದೆಯೇ ಎಂದು ಹೇಳುತ್ತದೆ.

ಮಾರ್ಚ್ 9ರಿಂದ 24ರವರೆಗೆ 11 ದಿನ ವಹಿವಾಟು ನಡೆಯಿತು. ಸಾಮಾನ್ಯ ಚಾರ್ಟ್‌ನಲ್ಲಿ ಅವುಗಳಲ್ಲಿ ನಾಲ್ಕು ದಿನ ಹಸಿರು. ಹೈಕಿನ್ ಆಶಿಯಲ್ಲಿ ಹನ್ನೊಂದೂ ಕೆಂಪು. ಮಾರ್ಚ್ 20ರಂದು ನಿಫ್ಟಿ 482 ಅಂಶ ಏರಿ 8,745ಕ್ಕೆ ಮುಟ್ಟಿದಾಗಲೂ ಬಣ್ಣ ಬದಲಾಗಲಿಲ್ಲ. ಕೆಂಪು ಕ್ಯಾಂಡಲ್‌ನ ತಲೆಯ ಮೇಲೊಂದು ಬತ್ತಿ ಕಾಣಿಸಿತು, ಅಷ್ಟೇ. ಇಳಿತದ ಬಿಗಿ ಸ್ವಲ್ಪ ಸಡಿಲವಾಗಿದೆ ಎಂಬುದಕ್ಕೆ ಆ ಬತ್ತಿ ಗುರುತು, ತಿರುವಿಗಲ್ಲ. ಮುಂದಿನ ವಹಿವಾಟಿನ ದಿನ, ಸೋಮವಾರ, ನಿಫ್ಟಿ 1,135 ಅಂಶ ಕುಸಿದು 7,610ಕ್ಕೆ ಬಂತು. ಒಂದೇ ದಿನದಲ್ಲಿ ಶೇ 13ರಷ್ಟು. ಶುಕ್ರವಾರದ ಹಸಿರನ್ನು ನಂಬಿ ಕೊಂಡವರಿಗೂ ಕೆಂಪನ್ನು ನೋಡಿ ಸುಮ್ಮನಿದ್ದವರಿಗೂ ನಡುವಿನ ಅಂತರ ಅದು. ಹೈಕಿನ್ ಆಶಿಯನ್ನು ಮೆಚ್ಚುವವರು ಮೆಚ್ಚುವುದು ಇದಕ್ಕಾಗಿಯೇ, ಆ ಮೆಚ್ಚುಗೆ ನ್ಯಾಯವಾದದ್ದು.

ಆದರೆ ಇದೇ ಲೆಕ್ಕ ತಳದಲ್ಲಿ ಬೆಲೆ ಕೇಳುತ್ತದೆ.

ಮಾರ್ಚ್ 24ರಂದು ನಿಫ್ಟಿ 7,511ಕ್ಕೆ ಇಳಿಯಿತು. ಆ ಕುಸಿತದ ತಳ ಅದೇ. ಅಂದು ರಾತ್ರಿ ದೇಶಕ್ಕೆಲ್ಲ ಲಾಕ್‌ಡೌನ್ ಘೋಷಣೆಯಾಯಿತು. ಮರುದಿನ ಯುಗಾದಿ. ಪೇಟೆ ತೆರೆದಿತ್ತು, ನಿಫ್ಟಿ 500 ಅಂಶಕ್ಕೂ ಹೆಚ್ಚು ಜಿಗಿದು 8,318ರಲ್ಲಿ ಮುಗಿಯಿತು. ಹೈಕಿನ್ ಆಶಿಯ ಲೆಕ್ಕದಲ್ಲಿ ಅಂದಿನ ಆರಂಭ ಸುಮಾರು 8,000, ಮುಕ್ತಾಯ 8,036. ಬಣ್ಣವೇನೋ ಹಸಿರಾಯಿತು, ಆದರೆ ಒಡಲು ತೆಳ್ಳಗೆ, ಮೇಲೂ ಕೆಳಗೂ ಮುನ್ನೂರು ಅಂಶದ ಆಸುಪಾಸಿನ ಬತ್ತಿಗಳು. ಇಂಥ ಕ್ಯಾಂಡಲ್ ಪೇಟೆ ಯಾವ ಕಡೆಗೂ ವಾಲಿಲ್ಲ ಎನ್ನುತ್ತದೆ. ಅನುಭವಿಗಳು ಇಲ್ಲಿ ಇನ್ನೊಂದು ಕ್ಯಾಂಡಲ್‌ಗೆ ಕಾಯುತ್ತಾರೆ. ಅವರು ಕಾಯುವ ಕ್ಯಾಂಡಲ್, ಅಂದರೆ ಕೆಳಗೆ ಬತ್ತಿಯಿಲ್ಲದ ತುಂಬು ಹಸಿರು, 26ರ ಸಂಜೆ ಬಂತು. ಅಷ್ಟರಲ್ಲಿ ನಿಫ್ಟಿ 8,641ರಲ್ಲಿತ್ತು. ತಳದಿಂದ 1,130 ಅಂಶ, ಶೇ 15ರಷ್ಟು ಏರಿಕೆ ಆಗಲೇ ಕೈಬಿಟ್ಟು ಹೋಗಿತ್ತು.

ಈ ವಿಳಂಬ ವಿಧಾನದಲ್ಲಿ ಹೇಗೋ ಉಳಿದುಬಿಟ್ಟ ದೋಷವಲ್ಲ. 13ರ ಹುಸಿ ಏರಿಕೆಯನ್ನು ನುಂಗಿದ ಹಳೆಯ ದಿನಗಳ ತೂಕವೇ 25ರ ನಿಜವಾದ ಏರಿಕೆಯನ್ನೂ ಹಿಡಿದು ಎಳೆಯಿತು. ಏರಿಕೆ ಹುಸಿಯೋ ದಿಟವೋ ಎಂದು ಬೇರ್ಪಡಿಸುವ ಶಕ್ತಿ ಸರಾಸರಿಗೆ ಇಲ್ಲ. ಕುಸಿತದ ವೇಗ ಹೆಚ್ಚಿದ್ದಷ್ಟೂ ಹೈಕಿನ್ ಆಶಿ ಆರಂಭದ ದರ ಪೇಟೆಗಿಂತ ಮೇಲೆ ಉಳಿದಿರುತ್ತದೆ, ತಿರುವಿನ ಗುರುತು ಅಷ್ಟೂ ತಡವಾಗುತ್ತದೆ. ತಡವಾಗಿ ಬಂದ ಗುರುತು ಗಟ್ಟಿಯಾಗಿಯೇ ಇರುತ್ತದೆ ಎನ್ನುವಂತೆಯೂ ಇಲ್ಲ. ಮಾರ್ಚ್ 30ರಂದು ಬಣ್ಣ ಮತ್ತೆ ಕೆಂಪಿಗೆ ತಿರುಗಿತು, ಏಪ್ರಿಲ್ ಮೊದಲ ವಾರದವರೆಗೂ ಹಸಿರು ಕೆಂಪು ಅದಲುಬದಲಾಗುತ್ತಲೇ ಇದ್ದವು. ಪೇಟೆ ಒಂದೇ ಪಟ್ಟಿಯೊಳಗೆ ಮೇಲೆ ಕೆಳಗೆ ಆಡುವಾಗ ಈ ಚಾರ್ಟ್ ಹೆಚ್ಚು ಉಪಕಾರ ಮಾಡುವುದಿಲ್ಲ.

ಇನ್ನೊಂದು ಅಪಾಯ ಹೊಸಬರ ಕಣ್ಣಿಗೆ ಸುಲಭಕ್ಕೆ ಬೀಳುವುದಿಲ್ಲ. 26ರ ಹೈಕಿನ್ ಆಶಿ ಕ್ಯಾಂಡಲ್ ಆರಂಭವಾದದ್ದು 8,018ರಲ್ಲಿ. ಆ ದಿನ ನಿಫ್ಟಿ ನಿಜವಾಗಿ ಮುಟ್ಟಿದ ಅತಿ ಕಡಿಮೆ ಮಟ್ಟ 8,305. ಚಾರ್ಟ್‌ನಲ್ಲಿ ಕಾಣುವ 8,018 ಆ ದಿನ ಪೇಟೆಯಲ್ಲಿ ಇರಲೇ ಇಲ್ಲ. ಹಿಂದಿನ ದಿನ ಗುಂಡಿ ಒತ್ತಿ ಕಾದಿದ್ದರೂ ಬೆಳಿಗ್ಗೆ ಆ ದರ ಯಾರಿಗೂ ಸಿಗುತ್ತಿರಲಿಲ್ಲ. ಬೆಳಗಿನ ಗ್ಯಾಪ್ ಕೂಡ ಹೀಗೆಯೇ ಮಾಯವಾಗುತ್ತದೆ. 25ರ ಸಂಜೆ 8,318ರಲ್ಲಿ ಮುಗಿದ ಸೂಚ್ಯಂಕ ಮರುದಿನ 8,451ರಲ್ಲಿ ತೆರೆದದ್ದು ಹೈಕಿನ್ ಆಶಿಯಲ್ಲಿ ಕಾಣುವುದೇ ಇಲ್ಲ, ಏಕೆಂದರೆ ಪ್ರತಿ ಕ್ಯಾಂಡಲ್ ಹಿಂದಿನದರ ಒಡಲ ನಡುವಿನಿಂದಲೇ ಹುಟ್ಟುತ್ತದೆ.

ಆದ್ದರಿಂದ ಸ್ಟಾಪ್‌ಲಾಸ್ ಇಡಲು, ಆರ್ಡರ್ ಹಾಕಲು, ಲಾಭನಷ್ಟ ಎಣಿಸಲು ಸಾಮಾನ್ಯ ಕ್ಯಾಂಡಲ್‌ನ ದರಗಳೇ ಬೇಕು. ಹಳೆಯ ದರಗಳ ಮೇಲೆ ತಂತ್ರವೊಂದನ್ನು ಪರೀಕ್ಷಿಸುವವರು ಇದನ್ನು ಮರೆತಾಗ ಫಲಿತಾಂಶ ಕಣ್ಣು ಕುಕ್ಕುವಷ್ಟು ಚೆನ್ನಾಗಿ ಬರುತ್ತದೆ. ಸಾಫ್ಟ್‌ವೇರ್ 8,018ರಲ್ಲಿ ಕೊಂಡೆ ಎಂದು ಬರೆದುಕೊಂಡಿರುತ್ತದೆ. ಅಂಥ ಫಲಿತಾಂಶ ಕೈಗೆ ಬಂದರೆ ಒಂದೆರಡು ವಹಿವಾಟುಗಳ ದರವನ್ನು ಆಯಾ ದಿನದ ನಿಜವಾದ ಗರಿಷ್ಠ, ಕನಿಷ್ಠಗಳ ಪಕ್ಕದಲ್ಲಿಟ್ಟು ನೋಡಬೇಕು. ಅವೆರಡರ ಆಚೆ ಬಿದ್ದ ದರ ಒಂದೇ ಒಂದು ಸಿಕ್ಕರೂ ಪರೀಕ್ಷೆಯನ್ನು ಸಾಮಾನ್ಯ ಕ್ಯಾಂಡಲ್ ದರಗಳ ಮೇಲೆ ಮೊದಲಿನಿಂದ ಮಾಡಬೇಕಾಗುತ್ತದೆ.