ಹಬ್ಬದ ರಿಯಾಯಿತಿ: ಖಾಲಿ ಕುರ್ಚಿಯ ಲೆಕ್ಕ

ದೀಪಾವಳಿಗೆ ಮೂರು ವಾರ ಇದೆ ಎನ್ನುವಾಗ ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳ ಕಾರ್ಯದರ್ಶಿಗಳ ಮೇಜಿನ ಮೇಲೆ ಕಾಗದಗಳು ಬೀಳತೊಡಗುತ್ತವೆ. ಸಿಹಿತಿಂಡಿಯವರದು, ಸೀರೆಯವರದು, ಜೊತೆಗೆ ಬೀದಿ ತುದಿಯ ಬ್ಯೂಟಿ ಪಾರ್ಲರಿನದು. ಪಾರ್ಲರಿನ ಕಾಗದದಲ್ಲಿ ‘ಶೇ. 50ರವರೆಗೆ ರಿಯಾಯಿತಿ’ ಎಂದು ದಪ್ಪಕ್ಷರದಲ್ಲಿರುತ್ತದೆ. ಯಾವ ಸೇವೆಗೆ, ಯಾವ ದಿನ, ಕೊನೆಗೆ ಕೈಯಿಂದ ಎಷ್ಟು ಹೋಗುತ್ತದೆ ಎಂಬುದು ಮಾತ್ರ ಇರುವುದಿಲ್ಲ. ಕಾರ್ಯದರ್ಶಿ ಅದನ್ನು ಪಕ್ಕಕ್ಕೆ ಸರಿಸಿದರೆ ತಪ್ಪೇನಿಲ್ಲ.

ಪಾರ್ಲರಿನವರ ನಿಜವಾದ ಕಷ್ಟ ಬೇರೆ. ಹಬ್ಬದ ಹಿಂದಿನ ಶನಿವಾರ, ಭಾನುವಾರ ಕೂರಲು ಜಾಗವಿರುವುದಿಲ್ಲ. ಆ ದಿನ ರಿಯಾಯಿತಿ ಕೊಟ್ಟರೆ ಬರುವ ಹಣವನ್ನೇ ಬಿಟ್ಟಂತೆ. ಅದೇ ವಾರದ ನಡುವೆ, ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ, ಕುರ್ಚಿಗಳು ಖಾಲಿ. ಬಾಡಿಗೆ ಮತ್ತು ಸಂಬಳ ಆಗಲೂ ಓಡುತ್ತಲೇ ಇರುತ್ತವೆ. ಪತ್ರ ಮಾರಬೇಕಾದದ್ದು ಈ ಹೊತ್ತನ್ನು.

ನಾಲ್ಕು ಕುರ್ಚಿಯ ಒಂದು ಪಾರ್ಲರನ್ನು ಊಹಿಸಿಕೊಳ್ಳಿ. ಫೇಶಿಯಲ್, ಥ್ರೆಡಿಂಗ್, ಹೇರ್‌ಕಟ್ ಸೇರಿದ ಪ್ಯಾಕೇಜಿಗೆ 1,200 ರೂಪಾಯಿ. ಕ್ರೀಮು, ಟವೆಲು ಮುಂತಾದ ಸಾಮಾನಿಗೆ 200, ಕೆಲಸದ ಹುಡುಗಿಯ ಕಮಿಷನ್ 300 ಹೋದರೆ ಉಳಿಯುವುದು 700. ಶೇ. 25 ಇಳಿಸಿದರೆ ದರ 900 ಆಗುತ್ತದೆ. ಖರ್ಚು ಇಳಿಯುವುದಿಲ್ಲ, ಉಳಿಕೆ 400ಕ್ಕೆ ಬರುತ್ತದೆ. ಅಂದರೆ ದರ ಕಾಲು ಭಾಗ ಇಳಿದರೆ ಉಳಿಕೆ ಅರ್ಧದ ಹತ್ತಿರ ಕುಸಿಯುತ್ತದೆ. ಮೂರು ದಿನದಲ್ಲಿ ಮಾಮೂಲಾಗಿ ಹತ್ತು ಜನ ಬಂದು 7,000 ಉಳಿಯುತ್ತಿದ್ದರೆ, ಅವರಿಗೂ ಇದೇ ದರ ಕೊಡಬೇಕಾದಾಗ ಹದಿನೆಂಟು ಜನ ಬಂದರಷ್ಟೇ ಮೊದಲಿನದಕ್ಕೆ ಸಮವಾಗುತ್ತದೆ. ಗುಂಪಿಗೊಂದು ಕನಿಷ್ಠ ಸಂಖ್ಯೆ ಇಡುವುದು ಈ ಕಾರಣಕ್ಕೆ. ಆದರೆ ಹದಿನೆಂಟು ಜನ ಒಟ್ಟಿಗೆ ನುಗ್ಗಿದರೆ ನಾಲ್ಕು ಕುರ್ಚಿ ಏನು ಮಾಡೀತು? ಒಬ್ಬರಿಗೆ ಒಂದೂವರೆ ಗಂಟೆ ಹಿಡಿದರೆ ಆರು ಗಂಟೆಯಲ್ಲಿ ಹದಿನಾರು ಜನರದು ಮುಗಿಯುತ್ತದೆ. ಮೊದಲೇ ಸಮಯ ಬರೆಸಿದರೆ ಮಾತ್ರ ಇದು ಸಾಧ್ಯ.

ಹಬ್ಬಕ್ಕೆ ನಾಲ್ಕೈದು ದಿನ ಮೊದಲೇ ಯಾರು ಬರುತ್ತಾರೆ ಎಂದು ಕೇಳಬಹುದು. ಬರುವುದೇ ಒಳ್ಳೆಯದು. ಫೇಶಿಯಲ್ ಆದ ಮೇಲೆ ಕೆಲವರ ಮುಖ ಕೆಂಪಾಗಿ ಗುಳ್ಳೆ ಏಳುತ್ತದೆ, ಇಳಿಯಲು ಎರಡು ಮೂರು ದಿನ ಬೇಕು. ಕೂದಲ ಬಣ್ಣಕ್ಕೆ 48 ಗಂಟೆ ಮೊದಲು ಕಿವಿಯ ಹಿಂದೆ ಒಂದಿಷ್ಟು ಹಚ್ಚಿ ಅಲರ್ಜಿ ಇದೆಯೇ ಎಂದು ನೋಡಬೇಕು. ಜೊತೆಗೆ ನರಕ ಚತುರ್ದಶಿಯ ಎಣ್ಣೆ ಸ್ನಾನ ಬೇರೆ. ಹಿಂದಿನ ದಿನ ಹಾಕಿಸಿದ ಬಣ್ಣಕ್ಕೆ ಮರುದಿನವೇ ಎಣ್ಣೆ, ಸೀಗೆಪುಡಿ ಬಿದ್ದರೆ ಕೊಟ್ಟ ಹಣ ಬಚ್ಚಲು ಪಾಲು. ಮೆಹಂದಿಯದು ಮಾತ್ರ ಉಲ್ಟಾ. ಅದರ ಬಣ್ಣ ಗಾಢವಾಗಲು ಒಂದೆರಡು ದಿನ ಸಾಕು, ಬೇಗ ಹಚ್ಚಿದರೆ ಹಬ್ಬಕ್ಕೆ ಮಾಸುತ್ತದೆ.

2025ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 20ರ ಸೋಮವಾರ ಬಂದಿತ್ತು. ಆ ವರ್ಷಕ್ಕೆ ಪತ್ರ ಹೀಗಿರಬಹುದಿತ್ತು:

‘ಮಾನ್ಯ ಕಾರ್ಯದರ್ಶಿಗಳಿಗೆ ನಮಸ್ಕಾರ. ನಿಮ್ಮ ಗೇಟಿನ ಎದುರು ರಸ್ತೆಯಲ್ಲಿ ನಮ್ಮ ಪಾರ್ಲರ್ ಇದೆ. ಅಕ್ಟೋಬರ್ 13, 15 ಮತ್ತು 16ರಂದು ಬೆಳಗ್ಗೆ 10ರಿಂದ ಸಂಜೆ 4ರವರೆಗೆ ನಿಮ್ಮ ನಿವಾಸಿಗಳಿಗೆ 1,200 ರೂಪಾಯಿಯ ಪ್ಯಾಕೇಜನ್ನು 900 ರೂಪಾಯಿಗೆ, ತೆರಿಗೆ ಸೇರಿ 945ಕ್ಕೆ ಕೊಡುತ್ತೇವೆ. ಮೂರು ದಿನಕ್ಕೆ ಸೇರಿ ಕನಿಷ್ಠ ಇಪ್ಪತ್ತು ಬುಕಿಂಗ್ ಆಗಬೇಕು. ಅಕ್ಟೋಬರ್ 10ರೊಳಗೆ ಅಷ್ಟಾಗದಿದ್ದರೆ ಬರೆಸಿದವರಿಗೆಲ್ಲ ತಿಳಿಸುತ್ತೇವೆ; ಮುಂಗಡ ತೆಗೆದುಕೊಳ್ಳುವುದಿಲ್ಲ. 18, 19ರಂದು ಮಾಮೂಲಿ ದರವೇ ಇರುತ್ತದೆ. ಯಾರ ಫೋನ್ ನಂಬರೂ ನಮಗೆ ಬೇಡ, ಈ ಕಾಗದವನ್ನು ನೋಟಿಸ್ ಬೋರ್ಡಿಗೆ ಹಾಕಿದರೆ ಸಾಕು.’

14 ಯಾಕಿಲ್ಲ ಎಂದರೆ ಅದು ಮಂಗಳವಾರ. ಆ ದಿನ ಕೂದಲಿಗೆ ಕತ್ತರಿ ಹಾಕಿಸದ ಮನೆಗಳು ಈಗಲೂ ಬೇಕಾದಷ್ಟಿವೆ.

ತೆರಿಗೆಯ ಸಾಲನ್ನು ಕಾರ್ಯದರ್ಶಿ ಗಮನವಿಟ್ಟು ಓದಬೇಕು. 2025ರ ಸೆಪ್ಟೆಂಬರ್ 22ರಿಂದ ಸಲೂನು, ಪಾರ್ಲರುಗಳ ಸೇವೆಯ ಮೇಲಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿದಿದೆ. ಬದಲಿಗೆ, ಸಾಮಾನು ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಪಾರ್ಲರಿನವರು ಇನ್ನು ಹೊಂದಿಸಿಕೊಳ್ಳುವಂತಿಲ್ಲ, ಅದು ಅವರ ಖರ್ಚಿಗೇ ಸೇರುತ್ತದೆ. ತೆರಿಗೆಯನ್ನು ರಿಯಾಯಿತಿ ಕಳೆದ ಮೊತ್ತದ ಮೇಲೆ ಲೆಕ್ಕ ಹಾಕಬೇಕು: 900ಕ್ಕೆ 45, 1,200ಕ್ಕೆ 60 ಅಲ್ಲ. ವರ್ಷದ ವಹಿವಾಟು 20 ಲಕ್ಷ ದಾಟದೆ ನೋಂದಣಿಯನ್ನೇ ಮಾಡಿಸದ ಸಣ್ಣ ಪಾರ್ಲರ್ ಆದರೆ ಬಿಲ್ಲಿನಲ್ಲಿ ಜಿಎಸ್‌ಟಿ ಇರಲೇಕೂಡದು.

ಇನ್ನು ಕೆಲವು ಪತ್ರಗಳ ಕೊನೆಗೆ ‘ಸಮಿತಿ ಸದಸ್ಯರ ಮನೆಯವರಿಗೆ ಉಚಿತ’ ಎಂಬ ಸಾಲು ಸೇರಿಕೊಂಡಿರುತ್ತದೆ. ನನ್ನ ಪ್ರಕಾರ ಪತ್ರವನ್ನು ಕೆಡಿಸಲು ಅದೊಂದೇ ಸಾಕು. ಮುಂದಿನ ಸಾಮಾನ್ಯ ಸಭೆಯಲ್ಲಿ ಯಾರಾದರೂ ಎದ್ದು ಕೇಳಿಯೇ ಕೇಳುತ್ತಾರೆ. ಅಂಥ ಸಾಲಿದ್ದರೆ ಹೊಡೆದುಹಾಕಿಸಿ, ‘ಇದು ಮಾಹಿತಿಗಾಗಿ ಮಾತ್ರ, ಸೇವೆಯ ಗುಣಮಟ್ಟಕ್ಕೆ ಸಂಘ ಹೊಣೆಯಲ್ಲ’ ಎಂದು ಕೆಳಗೆ ಬರೆದು ಬೋರ್ಡಿಗೆ ಹಾಕಬಹುದು.